ಚಂದ್ರ ಯಾಕೆ ಹಿಂದೆ ಬರ್ತಾನೆ? ಹಳ್ಳಿ ಗ್ರಂಥಾಲಯದ ಚಾಟ್‌ಬಾಟ್ ಮಕ್ಕಳ ಮಾತು ಕಲಿತ ಬಗೆ

ಗ್ರಂಥಾಲಯದ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ ಇತ್ತು. ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಅದಕ್ಕೆ ಹಾಕುವರು, ಗ್ರಂಥಪಾಲಕಿ ವಾರಕ್ಕೊಮ್ಮೆ ಬಿಚ್ಚಿ ಪುಸ್ತಕದಲ್ಲಿ ಉತ್ತರ ಹುಡುಕಿ ಹೇಳುವರು. ತೊಂದರೆ ಒಂದೇ: ವಾರ ಕಳೆಯುವಷ್ಟರಲ್ಲಿ ಕೇಳಿದ ಮಗುವಿಗೇ ಪ್ರಶ್ನೆ ಮರೆತಿರುತ್ತಿತ್ತು. ಕೇಳಿದ ಕೂಡಲೇ ಉತ್ತರ ಸಿಗಬೇಕು, ಆದರೆ ಆ ಉತ್ತರ ತಾನು ಓದಿ ಒಪ್ಪಿದ್ದೇ ಆಗಿರಬೇಕು ಎಂಬುದು ಗ್ರಂಥಪಾಲಕಿಯ ಬೇಡಿಕೆ. ಅದಕ್ಕೊಂದು ಚಾಟ್‌ಬಾಟ್, ಅಂದರೆ ಟೈಪ್ ಮಾಡಿದ ಪ್ರಶ್ನೆಗೆ ತಾನೇ ಉತ್ತರ ತೋರಿಸುವ ಪ್ರೋಗ್ರಾಂ, ಮಾಡುವುದೆಂದಾಯಿತು. ಕೋಡ್ ಬರೆಯುವ ಕೆಲಸ ನನಗೆ ಬಂತು. ಆದರೆ ಬಾಟ್‌ಗೆ ಕಲಿಸಿದ್ದು ಅವರು. ಇಲ್ಲಿ ಬರೆಯುತ್ತಿರುವುದು ಆ ಕೆಲಸ ಹೇಗೆ ನಡೆಯಿತು ಎಂಬುದನ್ನು.

ಮೊದಲು ಒಂದು ತೀರ್ಮಾನ ಮಾಡಬೇಕಿತ್ತು. ಚಾಟ್‌ಬಾಟ್ ಎರಡು ಬಗೆಯದು. ಒಂದು, ದೊಡ್ಡ ಭಾಷಾ ಮಾದರಿಯಿಂದ ವಾಕ್ಯವನ್ನು ಆಗಿಂದಾಗಲೇ ಹೆಣೆದು ಕೊಡುವಂಥದ್ದು. ಇನ್ನೊಂದು, ಮೊದಲೇ ಬರೆದಿಟ್ಟ ಉತ್ತರಗಳ ಪೈಕಿ ಪ್ರಶ್ನೆಗೆ ಹೊಂದುವುದನ್ನು ಹುಡುಕಿ ತೋರಿಸುವಂಥದ್ದು. ಮೊದಲನೆಯದು ಯಾವ ಪ್ರಶ್ನೆಗಾದರೂ ಏನಾದರೂ ಹೇಳುತ್ತದೆ. ತಪ್ಪು ಹೇಳುವಾಗಲೂ ಅದೇ ನಿರರ್ಗಳ ಧಾಟಿ, ಎಂಟು ವರ್ಷದ ಮಗು ಅದನ್ನು ಗುರುತಿಸಲಾರದು. ಎರಡನೆಯದಕ್ಕೆ ಗೊತ್ತಿರುವುದು ಕಡಿಮೆ, ಆದರೆ ಅದರ ಬಾಯಿಂದ ಬರುವ ಪ್ರತಿಯೊಂದು ವಾಕ್ಯವನ್ನೂ ಒಬ್ಬ ಮನುಷ್ಯ ಓದಿರುತ್ತಾನೆ. ಗ್ರಂಥಪಾಲಕಿ ಎರಡನೆಯದನ್ನೇ ಆರಿಸಿದರು. ಅದು ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ ಎನ್ನುವುದು ಇನ್ನೊಂದು ಅನುಕೂಲ.

ಹೀಗಾಗಿ ನಮ್ಮ ಬಾಟ್‌ನ ಜೀವ ಇದ್ದದ್ದು ಒಂದು ಸಾಮಾನ್ಯ ಕೋಷ್ಟಕದಲ್ಲಿ. ಅದಕ್ಕೆ ನಾಲ್ಕು ಕಾಲಂ: ಪ್ರಶ್ನೆಯ ಸಂಖ್ಯೆ, ಮಕ್ಕಳು ಅದನ್ನು ಕೇಳುವ ರೀತಿ, ಉತ್ತರ, ಪುಸ್ತಕ. ಒಂದೇ ಪ್ರಶ್ನೆಯನ್ನು ಮಕ್ಕಳು ಹತ್ತು ರೀತಿ ಕೇಳಿದರೆ ಹತ್ತು ಸಾಲು, ಸಂಖ್ಯೆ ಮಾತ್ರ ಒಂದೇ. ಪುಸ್ತಕದ ಕಾಲಂನಲ್ಲಿ, ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದಂತೆ ಜೋಡಿಸಲು ಬಳಸುವ ಡ್ಯೂಯಿ ವರ್ಗಸಂಖ್ಯೆ ಮತ್ತು ಪುಟ. ಚಂದ್ರನಿಗೆ 523.3, ಮೀನಿಗೆ 597, ಹಕ್ಕಿಗೆ 598, ಬಾವಲಿಗೆ 599.4. ಈ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಬಾಟ್ ಬಳಸುವಂತಿಲ್ಲ ಎಂಬ ಕಟ್ಟುನಿಟ್ಟು ಅವರದೇ. ಉತ್ತರದ ಕೆಳಗೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದೂ ಕಾಣಬೇಕು ಎಂದರು.

ಮೊದಲ ಕೋಷ್ಟಕ ಕೆಟ್ಟದಾಗಿತ್ತು. ಡಬ್ಬಿಯ ಚೀಟಿಗಳನ್ನು ಗುಂಪು ಮಾಡಿ ಅರವತ್ತು ಪ್ರಶ್ನೆ ಆಯ್ದುಕೊಂಡು, ಒಂದೊಂದಕ್ಕೂ ಐದೈದು ರೂಪ ಅವರೇ ಬರೆದರು. ಬರೆಯುವಾಗ ಕೈ ತಾನಾಗಿ ಪುಸ್ತಕದ ಕನ್ನಡಕ್ಕೆ ಹೊರಳಿತು: ‘ಮೀನುಗಳು ನಿದ್ರಿಸುತ್ತವೆಯೇ?’, ‘ಮೀನುಗಳಿಗೆ ನಿದ್ರೆಯ ಅಗತ್ಯವಿದೆಯೇ?’. ಚೀಟಿಯಲ್ಲಿ ಇದ್ದದ್ದು ‘ಮೀನು ಯಾವಾಗ ಮಲ್ಗುತ್ತೆ’. ಅವರು ಚೀಟಿಯ ಅರ್ಥವನ್ನು ಉಳಿಸಿಕೊಂಡು ಮಾತನ್ನು ತಿದ್ದಿಬಿಟ್ಟಿದ್ದರು. ಗ್ರಂಥಾಲಯದಲ್ಲಿ ಒಳ್ಳೆಯ ಅಭ್ಯಾಸವೇ ಅದು, ಇಲ್ಲಿ ಮಾತ್ರ ತೊಡಕಾಯಿತು. ನಿದ್ರೆ, ನಿದ್ದೆ, ಮಲಗು ಎಲ್ಲದರ ಅರ್ಥ ನಮಗೆ ಹತ್ತಿರ. ಅಕ್ಷರ ಹೋಲಿಸುವ ಯಂತ್ರಕ್ಕೆ ‘ನಿದ್ರೆ’ಗೂ ‘ಮಲಗು’ವಿಗೂ ಯಾವ ನಂಟೂ ಇಲ್ಲ. ಆ ನಂಟನ್ನು ಕೋಷ್ಟಕವೇ ಹೇಳಿಕೊಡಬೇಕು.

ಅದಕ್ಕೂ ಮೊದಲು ನನ್ನ ಕಡೆಯ ಒಂದು ತಪ್ಪು ಇತ್ತು. ಕನ್ನಡದಲ್ಲಿ ಈ ಕೆಲಸ ಮಾಡುವ ಯಾರಿಗೂ ಎದುರಾಗುವಂಥದ್ದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ವಾಕ್ಯಗಳನ್ನು ಹೋಲಿಸಲು `scikit-learn` ಎಂಬ ಪೈಥಾನ್ ಸಲಕರಣೆಯ `TfidfVectorizer` ಬಳಸಿದ್ದೆ. ಅದು ಪ್ರತಿ ಪದಕ್ಕೂ ಒಂದು ತೂಕ ಕೊಡುತ್ತದೆ. ಎಲ್ಲ ಪ್ರಶ್ನೆಗಳಲ್ಲೂ ಬರುವ ‘ಯಾಕೆ’ಗೆ ತೂಕ ಕಡಿಮೆ, ಅಪರೂಪದ ‘ಬಾವಲಿ’ಗೆ ಹೆಚ್ಚು. ಆಮೇಲೆ ಎರಡು ವಾಕ್ಯಗಳ ಹೋಲಿಕೆಯನ್ನು 0ಯಿಂದ 1ರವರೆಗಿನ ಒಂದು ಅಂಕವಾಗಿ ಹೇಳಬಹುದು. ಹಾಗೇ ಓಡಿಸಿದಾಗ ‘ಮೀನು ನಿದ್ದೆ ಮಾಡುತ್ತಾ’ ಎಂಬ ಪ್ರಶ್ನೆ, ಅದೇ ವಾಕ್ಯ ಕೋಷ್ಟಕದಲ್ಲಿದ್ದರೂ, ಸೊನ್ನೆ ಅಂಕ ಪಡೆಯುತ್ತಿತ್ತು.

ಕಾರಣ ಹೀಗಿದೆ. ಆ ಸಲಕರಣೆ ಪದ ಎಂದು ಗುರುತಿಸುವುದು ಕನಿಷ್ಠ ಎರಡು ಅಕ್ಷರ ಅಕ್ಕಪಕ್ಕ ಬಂದಾಗ. ಅದರ ಲೆಕ್ಕದಲ್ಲಿ ‘ಮ’ ಅಕ್ಷರ, ಆದರೆ ‘ೀ’ ಎಂಬ ಸ್ವರಚಿಹ್ನೆ ಅಕ್ಷರವಲ್ಲ, ಪದವನ್ನು ತುಂಡರಿಸುವ ಗೆರೆ. ‘ಮೀನು’ ಅದರ ಕಣ್ಣಿಗೆ ‘ಮ’ ಮತ್ತು ‘ನ’ ಎಂಬ ಎರಡು ಒಂಟಿ ತುಂಡು. ಒಂಟಿ ಅಕ್ಷರವನ್ನು ಅದು ಎಸೆಯುತ್ತದೆ. ‘ನಿದ್ದೆ’, ‘ಮಾಡುತ್ತಾ’ಗಳಿಗೂ ಅದೇ ಗತಿಯಾಗಿ ಇಡೀ ವಾಕ್ಯವೇ ಮಾಯ. ‘ಚಂದ್ರ’ ಕೂಡ ಉಳಿಯುವುದಿಲ್ಲ, ಅನುಸ್ವಾರವೂ ಒತ್ತಕ್ಷರಕ್ಕೆ ಮೊದಲು ಬರುವ ‘್’ ಚಿಹ್ನೆಯೂ ಅದನ್ನು ತುಂಡು ಮಾಡುತ್ತವೆ. ‘ಮರ’ದಂಥ, ಯಾವ ಗುಣಿತವೂ ಇಲ್ಲದ ಪದ ಮಾತ್ರ ಪೂರ್ತಿ ಉಳಿಯುತ್ತದೆ. ಇದರಿಂದ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ, ಕೆಲವು ಪ್ರಶ್ನೆಗಳು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತವೆ. ಪತ್ತೆ ಮಾಡುವ ದಾರಿ ಸುಲಭ: `get_feature_names_out()` ಎಂದು ಕೇಳಿ ಅದು ಕಲಿತ ಪದಪಟ್ಟಿಯನ್ನು ಕಣ್ಣಾರೆ ನೋಡುವುದು. ಅಲ್ಲಿ ‘ಹಗಲು’ ಬದಲು ‘ಹಗಲ’, ‘ಆಕಾಶ’ ಬದಲು ‘ಆಕ’ ಇದ್ದರೆ ತಿಳಿಯಿತು.

ಪದದ ಬದಲು ಪದದೊಳಗಿನ ಎರಡು, ಮೂರು, ನಾಲ್ಕು ಚಿಹ್ನೆಗಳ ತುಣುಕುಗಳನ್ನು ಹೋಲಿಸಿದರೆ ಈ ತೊಂದರೆ ಹೋಗುತ್ತದೆ. ಅದರ ಜೊತೆಗೆ ಕನ್ನಡಕ್ಕೆ ಇನ್ನೊಂದು ಲಾಭವೂ ಇದೆ. ನಮ್ಮ ಪದಗಳು ವಿಭಕ್ತಿ ಹತ್ತಿದಂತೆ ಬಾಲ ಬೆಳೆಸುತ್ತವೆ: ಮೀನು, ಮೀನಿಗೆ, ಮೀನಿನ, ಮೀನುಗಳು. ಇಡೀ ಪದ ಹೋಲಿಸಿದರೆ ‘ಮೀನು’ ಮತ್ತು ‘ಮೀನಿಗೆ’ ಬೇರೆ ಬೇರೆ. ‘ಮ’ ಒಂದು ಚಿಹ್ನೆ, ‘ೀ’ ಇನ್ನೊಂದು ಎಂದು ಎಣಿಸಿ ಎರಡೆರಡು ಚಿಹ್ನೆಯ ತುಣುಕು ಮಾಡಿ, ಪದದ ಆಚೀಚೆಯ ಖಾಲಿ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ‘ಮೀನು’ವಿಗೆ ಐದು ತುಣುಕು, ‘ಮೀನಿಗೆ’ಗೆ ಏಳು. ಪದದ ಆರಂಭದ ‘ಮ’, ‘ಮೀ’, ಮತ್ತು ‘ೀ’ಯೊಂದಿಗೆ ‘ನ’ ಸೇರಿದ ತುಣುಕು, ಈ ಮೂರು ಎರಡರಲ್ಲೂ ಇವೆ. ಐದು ಗುಣಿಸು ಏಳು 35. ತೂಕ ಬಿಟ್ಟು ಲೆಕ್ಕ ಹಾಕಿದರೆ ಹೋಲಿಕೆ 3 ಭಾಗಿಸು 35ರ ವರ್ಗಮೂಲ, ಅಂದರೆ ಸುಮಾರು 0.5. ಸೊನ್ನೆಯಿಂದ ಅರ್ಧಕ್ಕೆ ಬಂದಂತಾಯಿತು. ಮಕ್ಕಳ ಕಾಗುಣಿತದ ತಪ್ಪುಗಳನ್ನೂ ಇದು ಒಂದಿಷ್ಟು ಸಹಿಸುತ್ತದೆ.

ತುಣುಕು ಮಾಡಿ ತೂಕ ಕೊಡುವ ಕೋಡ್ ಇಷ್ಟೇ:

```python
import re, unicodedata
from sklearn.feature_extraction.text import TfidfVectorizer

def clean(s):
    s = re.sub("[\u200b\u200c\u200d]", "", s)
    s = unicodedata.normalize("NFC", s)
    s = re.sub(r"[?!.,]", " ", s)
    return " ".join(s.split())

vec = TfidfVectorizer(preprocessor=clean,
                      analyzer="char_wb", ngram_range=(2, 4))
```

`clean` ಒಳಗಿನ ಮೊದಲ ಎರಡು ಸಾಲು ಚಿಕ್ಕವು, ಆದರೆ ಅವಿಲ್ಲದೆ ಆಗದು. ‘ಪೆಂಗ್ವಿನ್‌ಗೆ’ ಎಂದು ಸರಿಯಾಗಿ ಟೈಪ್ ಮಾಡಿದರೆ ‘ನ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಮಗು ಟೈಪ್ ಮಾಡಿದಾಗ ಅದು ಇರುವುದಿಲ್ಲ, ಪದ ‘ಪೆಂಗ್ವಿನ್ಗೆ’ ಆಗುತ್ತದೆ. ಎರಡೂ ಕಡೆ ಆ ಚಿಹ್ನೆಯನ್ನು ತೆಗೆದುಬಿಟ್ಟರೆ ಎರಡೂ ಒಂದೇ. ಎರಡನೆಯ ಸಾಲು ‘ಕೊ’ದಂಥ ಗುಣಿತಾಕ್ಷರಗಳಿಗಾಗಿ. ಆ ‘ೊ’ ಒಂದೇ ಚಿಹ್ನೆಯಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಚಿಹ್ನೆ ಸೇರಿಯೂ ಬಂದಿರಬಹುದು. ಪರದೆಯ ಮೇಲೆ ವ್ಯತ್ಯಾಸವೇ ಕಾಣದು. `NFC` ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ.

ಹೋಲಿಸುವ ಕೋಡ್ ಅಷ್ಟಕ್ಕೇ ನಿಂತಿತು, ಆಮೇಲೆ ಅದನ್ನು ಹೆಚ್ಚು ಮುಟ್ಟಲಿಲ್ಲ. ಉಳಿದ ತಿಂಗಳುಗಳೆಲ್ಲ ಕೋಷ್ಟಕಕ್ಕೇ ಹೋದವು.

ಚಂದ್ರನ ಪ್ರಶ್ನೆಯನ್ನು ಪೂರ್ತಿ ಹೇಳುತ್ತೇನೆ, ಅದರಲ್ಲೇ ಕೆಲಸದ ಎಲ್ಲ ಬಗೆಯೂ ಇದೆ. ಒಬ್ಬ ಹುಡುಗ ಟೈಪ್ ಮಾಡಿದ್ದು: ‘ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಾನೆ’. ಬಾಟ್ ತೋರಿಸಿದ್ದು ಚಂದ್ರನ ಕಲೆಗಳ ಉತ್ತರ, ಅಂದರೆ ಹುಣ್ಣಿಮೆಯಿಂದ ಅಮಾವಾಸ್ಯೆಗೆ ಅವನ ಆಕಾರ ಏಕೆ ಬದಲಾಗುತ್ತದೆ ಎಂಬುದು. ಸರಿಯಾದ ಉತ್ತರ ಕೋಷ್ಟಕದಲ್ಲಿ ಇತ್ತು, ಆದರೆ ‘ಚಂದ್ರನು ನಮ್ಮನ್ನು ಹಿಂಬಾಲಿಸುವಂತೆ ಭಾಸವಾಗುವುದೇಕೆ’ ಎಂಬ ಸಾಲಿನ ಹಿಂದೆ ಕೂತಿತ್ತು. ಕಲೆಗಳ ಗುಂಪಿನಲ್ಲಿ ‘ಚಂದ್ರ ಯಾಕೆ ಚಿಕ್ಕದಾಗ್ತಾನೆ’ ಎಂದು ಯಾವುದೋ ಚೀಟಿಯಿಂದ ಹಾಗೇ ಬಂದ ಸಾಲಿತ್ತು. ‘ಚಂದ್ರ’, ‘ಯಾಕೆ’, ಕೊನೆಯ ‘ತಾನೆ’ ಮೂರೂ ಹುಡುಗನ ಮಾತಿಗೆ ಕೂಡಿದವು, ಅದೇ ಗೆದ್ದಿತು.

ನಾನಾಗಿದ್ದರೆ ಆ ಹುಡುಗನ ವಾಕ್ಯವನ್ನೇ ಒಂದು ಸಾಲಾಗಿ ಸೇರಿಸಿ ಮುಗಿಸುತ್ತಿದ್ದೆ. ಗ್ರಂಥಪಾಲಕಿ ಒಪ್ಪಲಿಲ್ಲ. “ಇವನೊಬ್ಬನ ಮಾತು ಸೇರಿಸಿದ್ರೆ ಇವನೊಬ್ಬನಿಗೆ ಉತ್ತರ ಸಿಗುತ್ತೆ. ನಾಳೆ ಇನ್ನೊಬ್ಬಳು ಬೇರೆ ಥರ ಕೇಳ್ತಾಳೆ” ಎಂದರು. ಸಂಜೆ ಬಂದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೇಳತೊಡಗಿದರು. ಮೊದಲ ದಿನ ಅವರು ಕೇಳಿದ್ದು, “ಚಂದ್ರ ಯಾಕೆ ಹಿಂದೆ ಬರ್ತಾನೆ ಅನ್ನೋದನ್ನ ನೀನು ಹೇಗೆ ಕೇಳ್ತೀಯ?” ಎಂದು. ಎಲ್ಲ ಮಕ್ಕಳೂ ಅದನ್ನೇ ತಿರುಗಿ ಹೇಳಿದರು, ‘ಅಕ್ಕಾ’ ಎಂದು ಸೇರಿಸಿ. ದೊಡ್ಡವರು ವಾಕ್ಯ ಕೊಟ್ಟರೆ ಮಗು ಅದನ್ನೇ ಸರಿಯಾದ ವಾಕ್ಯ ಎಂದುಕೊಳ್ಳುತ್ತದೆ.

ಮರುದಿನದಿಂದ ಅವರು ವಾಕ್ಯ ಕೊಡುವುದನ್ನು ಬಿಟ್ಟು ಸನ್ನಿವೇಶ ಕೊಟ್ಟರು. “ರಾತ್ರಿ ಬಸ್ಸಲ್ಲಿ ಹೋಗ್ತಾ ಇದ್ದೀಯ. ಕಿಟಕಿ ಪಕ್ಕ ಕೂತಿದ್ದೀಯ. ಮೇಲೆ ನೋಡಿದ್ರೆ ಚಂದ್ರ. ತುಂಬಾ ಹೊತ್ತು ಆದ್ಮೇಲೆ ಮತ್ತೆ ನೋಡ್ತೀಯ. ಏನ್ ಅನ್ಸುತ್ತೆ? ನಿಮ್ಮಮ್ಮನ್ನ ಏನಂತ ಕೇಳ್ತೀಯ?” ಈಗ ಬಂದ ಮಾತುಗಳೇ ಬೇರೆ. ‘ಚಂದ್ರ ಬಸ್ ಜೊತೆ ಓಡ್ತಾನಲ್ಲ ಅದ್ಹೇಗೆ’. ‘ಚಂದಮಾಮ ನಮ್ಮನ್ನ ಫಾಲೋ ಮಾಡ್ತಾನಾ’. ‘ನಾನು ನಿಂತ್ರೆ ಚಂದ್ರನೂ ಯಾಕೆ ನಿಲ್ತಾನೆ’. ‘ಎಷ್ಟ್ ದೂರ ಹೋದ್ರೂ ಚಂದ್ರ ಅಲ್ಲೇ ಇರ್ತಾನೆ ಯಾಕೆ’. ಓಡು, ಫಾಲೋ, ನಿಲ್ಲು, ಅಲ್ಲೇ ಇರು. ಹಿಂದೆ ಬರುವುದು ಎಂಬ ಒಂದೇ ಸಂಗತಿಗೆ ಒಂದಕ್ಕೊಂದು ಅಕ್ಷರ ಹೊಂದದ ನಾಲ್ಕು ಕ್ರಿಯಾಪದ. ಹೇಳಿದ್ದನ್ನು ಅವರು ಆ ಕ್ಷಣವೇ ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದರು. ಸಂಜೆ ಕೂತು ನೆನಪಿನಿಂದ ಬರೆದರೆ ಕೈ ಮತ್ತೆ ತಿದ್ದಿಬಿಡುತ್ತದೆ.

ಆ ಗುಂಪಿನಲ್ಲೇ ಒಬ್ಬ ಹುಡುಗಿಯ ಮಾತು ಬಂತು: ‘ಅವಳು ಆ ಕಡೆ ನಾನು ಈ ಕಡೆ ಹೋದ್ರೆ ಚಂದ್ರ ಯಾರ ಜೊತೆ ಹೋಗ್ತಾನೆ’. ಇದನ್ನು ಯಾವ ಸಂಖ್ಯೆಗೆ ಸೇರಿಸುವುದು? ಕಾರಣ ಒಂದೇ, ಅದೇ ಗುಂಪಿಗೆ ಹಾಕೋಣ ಎಂದೆ. ಗ್ರಂಥಪಾಲಕಿ ಉತ್ತರದ ಕಾಲಂ ತೆರೆದು ಗಟ್ಟಿಯಾಗಿ ಓದಿದರು: ‘ಚಂದ್ರನು ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿರುವುದರಿಂದ ವೀಕ್ಷಕನ ಚಲನೆಯಿಂದ ಅವನ ದಿಕ್ಕಿನಲ್ಲಿ ಗಮನಾರ್ಹ ವ್ಯತ್ಯಾಸ ಉಂಟಾಗುವುದಿಲ್ಲ.’ ಓದಿ, “ಇದು ಆ ಹುಡುಗಿಗೆ ಉತ್ತರ ಅಲ್ಲ. ಹುಡುಗನಿಗೂ ಅಲ್ಲ” ಎಂದರು. ಒಂದು ಮಾತು ಗುಂಪಿಗೆ ಸೇರುತ್ತದೋ ಇಲ್ಲವೋ ಎಂದು ನೋಡಲು ಅವರು ಕಂಡುಕೊಂಡ ಅಳತೆ ಅದೇ ಆಯಿತು. ಉತ್ತರವನ್ನು ಆ ಪ್ರಶ್ನೆಯ ಕೆಳಗೆ ಇಟ್ಟು ಓದಬೇಕು. ಕೂತರೆ ಸೇರಿಸಬೇಕು, ಕೂರದಿದ್ದರೆ ಹೊಸ ಸಂಖ್ಯೆ ಕೊಡಬೇಕು, ಇಲ್ಲವೇ ಉತ್ತರವನ್ನೇ ತಿದ್ದಬೇಕು.

ಇಲ್ಲಿ ತಿದ್ದಬೇಕಾದದ್ದು ಉತ್ತರ. ಲೆಕ್ಕವನ್ನು ಇಬ್ಬರೂ ಕೂತು ಮಾಡಿದೆವು. ರಸ್ತೆಯಿಂದ ಇಪ್ಪತ್ತು ಮೀಟರ್ ಆಚೆ ಮರ ಇದೆ, ಅದರ ನೇರಕ್ಕೆ ನಿಂತು ಮುಂದೆ ಇಪ್ಪತ್ತು ಮೀಟರ್ ನಡೆದರೆ ಮರದ ದಿಕ್ಕು 45 ಡಿಗ್ರಿ ತಿರುಗಿರುತ್ತದೆ. ಚಂದ್ರನಿಗೆ ಬಂದರೆ, ಅವನ ವ್ಯಾಸ 3,474 ಕಿಲೋಮೀಟರ್. ಅವನಿರುವ ದಿಕ್ಕಿಗೆ ಅಡ್ಡವಾಗಿ ನಾವು ಒಂದು ಕಿಲೋಮೀಟರ್ ನಡೆದರೆ ಅವನು ಆಕಾಶದಲ್ಲಿ ತನ್ನ ಅಗಲದ 3,474ನೇ ಒಂದು ಭಾಗದಷ್ಟು ಮಾತ್ರ ಸರಿದಂತೆ ಕಾಣಬೇಕು. ಕಣ್ಣಿಗೆ ಅದು ಸೊನ್ನೆಯೇ. ಇಬ್ಬರು ಗೆಳತಿಯರು ಎರಡು ದಿಕ್ಕಿಗೆ ಹೋದರೂ ಇಬ್ಬರ ಪಾಲಿಗೂ ಸೊನ್ನೆ. ಕೊನೆಗೆ ಕೋಷ್ಟಕಕ್ಕೆ ಹೋದ ಉತ್ತರ ಹೀಗಿತ್ತು:

‘ಚಂದ್ರ ನಮ್ಮ ಹಿಂದೆ ಬರುವುದಿಲ್ಲ. ಹತ್ತಿರದ ಮರ ನಾವು ನಡೆದ ಹಾಗೆ ಹಿಂದೆ ಸರಿಯುತ್ತದೆ. ಚಂದ್ರ ತುಂಬಾ ತುಂಬಾ ದೂರ ಇದ್ದಾನೆ, ನಾವು ಎಷ್ಟು ನಡೆದರೂ ಅವನು ಸರಿದದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಜೊತೆಗೆ ಬಂದಂತೆ ಅನ್ನಿಸುತ್ತದೆ. ನೀನು ಈ ಕಡೆ, ನಿನ್ನ ಗೆಳತಿ ಆ ಕಡೆ ನಡೆದು ನೋಡಿ. ಇಬ್ಬರಿಗೂ ಚಂದ್ರ ತಮ್ಮ ಜೊತೆಗೇ ಇದ್ದಾನೆ ಅನ್ನಿಸುತ್ತದೆ.’

ಹುಡುಗಿಯ ಪ್ರಶ್ನೆ ಉತ್ತರದೊಳಗೇ ಬಂದುಬಿಟ್ಟಿತು. ಅವಳ ವಾಕ್ಯ ಆಗ ಅದೇ ಗುಂಪಿಗೆ ಸೇರಿತು. ಎಲ್ಲ ಉತ್ತರಗಳನ್ನೂ ಅವರು ಹೀಗೆ ಮತ್ತೆ ಬರೆದರು. ಮೊದಲ ವಾಕ್ಯದಲ್ಲೇ ನೇರ ಉತ್ತರ, ಆಮೇಲೆ ಕಾರಣ, ಸಾಧ್ಯವಿದ್ದರೆ ಕೊನೆಗೆ ಮಗು ತಾನೇ ಮಾಡಿ ನೋಡಬಹುದಾದದ್ದು. ಬರೆದ ಉತ್ತರವನ್ನು ಇಬ್ಬರು ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುವರು. ಮಗು ತಡವರಿಸಿದ ಪದಕ್ಕೆ ಪೆನ್ಸಿಲಿನಲ್ಲಿ ಗುರುತು. ‘ಗಮನಾರ್ಹ’ ಹೋದದ್ದು ಹಾಗೆ.

ಇನ್ನೊಂದು ಚೀಟಿ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನಿಲ್ಲಿಸಿತು: ‘ಅಕ್ಕಿ ಎಂಗೆ ಆರುತ್ತೆ’. ಹಕ್ಕಿ ಹೇಗೆ ಹಾರುತ್ತದೆ ಎಂಬ ಪ್ರಶ್ನೆ ಅದು, ಮಗು ತಾನು ಆಡುವಂತೆ ಬರೆದಿದೆ. ‘ಹ’ ಮತ್ತು ‘ಅ’ಗಳನ್ನು ಒಂದೇ ಎಂದು ಕೋಡಿನಲ್ಲೇ ಹೇಳಿಬಿಡುವುದು ಸುಲಭದ ದಾರಿ. ಮಾಡಿ ನೋಡಿದಾಗ ‘ಹಾಡು’ ‘ಆಡು’ವಿನೊಂದಿಗೆ, ‘ಹಲ್ಲಿ’ ‘ಅಲ್ಲಿ’ಯೊಂದಿಗೆ ಬೆರೆತು ಹಲ್ಲಿಯ ಉತ್ತರ ಎಲ್ಲೆಂದರಲ್ಲಿ ಬರತೊಡಗಿತು. ಹಿಂದೆಗೆದುಕೊಂಡೆವು. ಅದರ ಬದಲು ಆ ಚೀಟಿಯ ಸಾಲನ್ನೇ, ಒಂದಕ್ಷರವೂ ತಿದ್ದದೆ, ಹಕ್ಕಿಯ ಗುಂಪಿಗೆ ಸೇರಿಸಿದರು. ಕೆಲವು ಮಕ್ಕಳು `meenu nidde madutta` ಎಂದು ಇಂಗ್ಲಿಷ್ ಲಿಪಿಯಲ್ಲಿ ಒತ್ತುತ್ತಿದ್ದರು, ಆ ಸಾಲುಗಳೂ ಹಾಗೇ ಒಳಗೆ ಬಂದವು. ಮಗುವಿನ ಕಾಗುಣಿತ ತಿದ್ದುವ ಕೆಲಸ ಬಾಟ್‌ಗೆ ಬೇಡ ಎಂದು ಅವರು ಮೊದಲೇ ಹೇಳಿದ್ದರು. ಕೇಳಲು ಬಂದ ಮಗುವಿಗೆ ಮೊದಲು ತಪ್ಪು ತೋರಿಸಿದರೆ ಅದು ಇನ್ನೊಮ್ಮೆ ಕೇಳುವುದಿಲ್ಲ. ಅವರ ಮಾತು ಸರಿ ಎಂದೇ ನನಗೂ ಅನ್ನಿಸುತ್ತದೆ.

ಉತ್ತರ ಯಾವಾಗ ಕೊಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಕೆಲಸದ ಇನ್ನೊಂದು ಅರ್ಧ. ಹೋಲಿಕೆಯ ಅಂಕ ಎಷ್ಟೇ ಕಡಿಮೆಯಿದ್ದರೂ ಪಟ್ಟಿಯಲ್ಲಿ ಮೊದಲು ಬರುವ ಒಂದು ಸಾಲು ಇದ್ದೇ ಇರುತ್ತದೆ. ಅದನ್ನೇ ಕೊಟ್ಟುಬಿಟ್ಟರೆ ‘ಮೀನು ಏನು ತಿನ್ನುತ್ತೆ’ ಎಂದ ಮಗುವಿಗೆ ಮೀನಿನ ನಿದ್ದೆಯ ಉತ್ತರ ಹೋಗುತ್ತದೆ. ‘ಮೀನು’ ಅಪರೂಪದ ಪದವಾದ್ದರಿಂದ ಅದರ ತೂಕ ಹೆಚ್ಚು, ‘ತಿನ್ನು’ವಿನ ದನಿ ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ಒಂದು ಕನಿಷ್ಠ ಅಂಕ ಬೇಕು, ಅದಕ್ಕಿಂತ ಕಡಿಮೆಯಾದರೆ ‘ಇದು ನನಗೆ ಗೊತ್ತಿಲ್ಲ, ಅಕ್ಕನ ಪಟ್ಟಿಗೆ ಸೇರಿಸಿದ್ದೇನೆ’ ಎಂಬ ಸಾಲು.

ಆ ಅಂಕ ಎಷ್ಟು ಎಂದು ಊಹಿಸಬಾರದು, ಅಳೆಯಬೇಕು. ಕೋಷ್ಟಕಕ್ಕೆ ಸೇರಿಸದೆ ಬೇರೆ ತೆಗೆದಿಟ್ಟ ಚೀಟಿಗಳನ್ನು ಎರಡು ಗುಡ್ಡೆ ಮಾಡಿದರು. ಒಂದರಲ್ಲಿ ನಮ್ಮ ಬಳಿ ಉತ್ತರ ಇರುವ ನಲವತ್ತು, ಇನ್ನೊಂದರಲ್ಲಿ ಉತ್ತರ ಇಲ್ಲದ ನಲವತ್ತು. ಪ್ರತಿಯೊಂದನ್ನೂ ಬಾಟ್‌ಗೆ ಕೊಟ್ಟು ಸರಿ, ತಪ್ಪು, ಮೌನ ಎಂದು ಮೂರು ಕಾಲಂನಲ್ಲಿ ಗೆರೆ ಎಳೆದರು. ಕನಿಷ್ಠ ಅಂಕ ಏರಿಸಿದಂತೆ ತಪ್ಪು ಇಳಿಯುತ್ತದೆ, ಮೌನ ಏರುತ್ತದೆ. ನಮ್ಮ ಕೋಷ್ಟಕಕ್ಕೆ 0.35 ಸರಿಹೊಂದಿತು. ಬೇರೆ ಕೋಷ್ಟಕಕ್ಕೆ ಇದೇ ಅಂಕ ಹೊಂದಬೇಕೆಂದಿಲ್ಲ. ನಮ್ಮದಕ್ಕೂ ಅದು ಶಾಶ್ವತವಲ್ಲ, ಹೊಸ ಸಾಲು ಸೇರಿದಂತೆ ಪದಗಳ ತೂಕ ಬದಲಾಗಿ ಎಲ್ಲ ಅಂಕಗಳೂ ಅಲುಗುತ್ತವೆ. ಐವತ್ತು ಸಾಲು ಸೇರಿದಾಗಲೆಲ್ಲ ಗುಡ್ಡೆಗಳನ್ನು ಮತ್ತೆ ಓಡಿಸುವುದು ರೂಢಿಯಾಯಿತು. ಒಂದು ಎಚ್ಚರ ಬೇಕು: ಒಂದೇ ಮಗುವಿನ ಎರಡು ಮಾತಿನಲ್ಲಿ ಒಂದು ಕೋಷ್ಟಕಕ್ಕೂ ಇನ್ನೊಂದು ಪರೀಕ್ಷೆಯ ಗುಡ್ಡೆಗೂ ಹೋಗಬಾರದು. ಆ ಮಗುವಿನ ಧಾಟಿ ಎರಡೂ ಕಡೆ ಇರುವುದರಿಂದ ಬಾಟ್ ಇರುವುದಕ್ಕಿಂತ ಜಾಣನಂತೆ ಕಾಣುತ್ತದೆ.

ಕನಿಷ್ಠ ಅಂಕ ಒಂದರಿಂದಲೇ ಮೀನಿನ ತೊಡಕು ಬಗೆಹರಿಯಲಿಲ್ಲ. ಎಷ್ಟೋ ಸಲ ಮೊದಲ ಮತ್ತು ಎರಡನೆಯ ಗುಂಪಿನ ಅಂಕಗಳು ಒತ್ತೊತ್ತಾಗಿ ಇರುತ್ತಿದ್ದವು. ಅಂಥಲ್ಲಿ ಬಾಟ್ ತಾನೇ ಆರಿಸದೆ ಎರಡೂ ಪ್ರಶ್ನೆಗಳನ್ನು ಗುಂಡಿಗಳಾಗಿ ತೋರಿಸಿ ‘ನೀನು ಕೇಳಿದ್ದು ಇದರಲ್ಲಿ ಯಾವುದು?’ ಎಂದು ಕೇಳುವಂತೆ ಮಾಡಿದೆವು, ‘ಎರಡೂ ಅಲ್ಲ’ ಎಂಬ ಮೂರನೆಯ ಗುಂಡಿಯೊಂದಿಗೆ. ‘ಪೆಂಗ್ವಿನ್ ಯಾಕೆ ಹಾರಲ್ಲ’ ಮತ್ತು ‘ಹಕ್ಕಿ ಹೇಗೆ ಹಾರುತ್ತೆ’ ಇಂಥ ಜೋಡಿ. ಹಾರುವುದಕ್ಕೂ ಹಾರದಿರುವುದಕ್ಕೂ ಇರುವ ಅಂತರ ಕನ್ನಡದಲ್ಲಿ ಪದದ ಬಾಲದ ಒಂದೆರಡು ಅಕ್ಷರದಲ್ಲಿದೆ, ತುಣುಕುಗಳ ಲೆಕ್ಕದಲ್ಲಿ ಅದು ತೀರಾ ಸಣ್ಣದು. ‘ಎರಡೂ ಅಲ್ಲ’ ಒತ್ತಿದ ಪ್ರಶ್ನೆಗಳೇ ಆಮೇಲೆ ನಮಗೆ ಹೆಚ್ಚು ಕಲಿಸಿದವು.

ಒಂದು ಬಗೆಯ ಪ್ರಶ್ನೆಗೆ ಮಾತ್ರ ಹೋಲಿಕೆ, ಅಂಕ, ಗುಂಡಿ ಯಾವುದೂ ಬೇಡ ಎಂದರು ಗ್ರಂಥಪಾಲಕಿ. ಹಾವು ಕಚ್ಚಿದೆ, ಏನೋ ನುಂಗಿದೆ ಎಂಬಂಥವು. ಅವಕ್ಕೆ ಎಲ್ಲಕ್ಕಿಂತ ಮೊದಲು ನಡೆಯುವ ಒಂದು ನಿಯಮ ಬರೆದೆವು. ಅದರ ಉತ್ತರ ಯಾವಾಗಲೂ ಒಂದೇ: ಈಗಲೇ ದೊಡ್ಡವರನ್ನು ಕರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾವು ಕಚ್ಚಿದ್ದಕ್ಕೆ ಇನ್ನೊಂದು ಸಾಲು: ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಕಚ್ಚಿಸಿಕೊಂಡವರು ಅಲುಗಾಡದೆ ಇರಬೇಕು. ಇಲ್ಲಿ ಕನ್ನಡವೇ ನಮಗೆ ಸಹಾಯ ಮಾಡಿತು. ಆಗಿಹೋದದ್ದನ್ನೋ ಆದರೆ ಎಂಬುದನ್ನೋ ಹೇಳುವಾಗ ಹೆಚ್ಚಾಗಿ ‘ಕಚ್ಚಿ’ ಬರುತ್ತದೆ: ಕಚ್ಚಿತು, ಕಚ್ಚಿದೆ, ಕಚ್ಚಿದರೆ. ಸುಮ್ಮನೆ ತಿಳಿಯಲು ಕೇಳುವ ಮಗು ‘ಹಾವು ಯಾಕೆ ಕಚ್ಚುತ್ತೆ’ ಎನ್ನುತ್ತದೆ, ಅಲ್ಲಿರುವುದು ‘ಕಚ್ಚು’. ನಿಯಮ ‘ಕಚ್ಚಿ’ಯನ್ನು ಮಾತ್ರ ನೋಡುತ್ತದೆ, ಹಾಗೆಯೇ ‘ನುಂಗಿ’ಯನ್ನು. ‘ಹಾವು ಕಪ್ಪೆ ನುಂಗಿದ್ರೆ ಕಪ್ಪೆ ಒಳಗೆ ಬದುಕಿರುತ್ತಾ’ ಎಂದವನಿಗೂ ಅದು ಆಸ್ಪತ್ರೆಗೆ ಹೋಗು ಎಂದಿತು. ಅದನ್ನು ಸರಿಪಡಿಸಲು ನಿಯಮವನ್ನು ಸಡಿಲಿಸೋಣವೇ ಎಂದು ಕೇಳಿದೆ. “ಬೇಡ. ಆ ಮಗು ಬಂದು ನನ್ನನ್ನ ಕೇಳಿದ್ರೆ ನಾನು ಹೇಳ್ತೀನಿ. ಇನ್ನೊಂದು ಕಡೆಗೆ ತಪ್ಪಾದ್ರೆ ಹೇಳೋಕೆ ಯಾರೂ ಇರಲ್ಲ” ಎಂದರು. ನಿಯಮ ಹಾಗೇ ಇದೆ.

ಬಾಟ್ ಉಳಿಸಿಕೊಳ್ಳುವುದು ಪ್ರಶ್ನೆ, ದಿನಾಂಕ, ಅಂಕ ಮೂರನ್ನೇ. ಕೇಳಿದವರ ಹೆಸರು ಕೇಳುವುದೇ ಇಲ್ಲ. ಆದರೂ ಮಕ್ಕಳು ಪ್ರಶ್ನೆಯೊಳಗೇ ತಮ್ಮ ಹೆಸರು, ಅಪ್ಪನ ಫೋನ್ ನಂಬರ್ ಬರೆಯುತ್ತಾರೆ. ಅಂಕಿಗಳ ಉದ್ದ ಸಾಲು ಕಂಡರೆ ಕೋಡ್ ಅಳಿಸುತ್ತದೆ. ಪೈಥಾನಿನ `\d` ಕನ್ನಡ ಅಂಕಿಗಳನ್ನೂ ಹಿಡಿಯುವುದರಿಂದ ಅದಕ್ಕೆ ಬೇರೆ ನಿಯಮ ಬೇಕಾಗಲಿಲ್ಲ. ಹೆಸರುಗಳನ್ನು ಶನಿವಾರ ಅವರೇ ಕೈಯಿಂದ ತೆಗೆಯುತ್ತಾರೆ.

ಶನಿವಾರದ ಕೆಲಸ ಈಗ ಒಂದು ಗಂಟೆಯಷ್ಟು. ಮೌನವಾಗಿ ಉಳಿದ ಪ್ರಶ್ನೆಗಳೂ ‘ಎರಡೂ ಅಲ್ಲ’ ಎನ್ನಿಸಿಕೊಂಡವೂ ಒಂದು ಹಾಳೆಯಲ್ಲಿ ಬರುತ್ತವೆ. ಪ್ರತಿಯೊಂದರ ಮುಂದೆ ಅವರು ಮೂರರಲ್ಲಿ ಒಂದು ಗುರುತು ಹಾಕುತ್ತಾರೆ. ಹಳೆಯ ಪ್ರಶ್ನೆಯೇ ಹೊಸ ಮಾತಿನಲ್ಲಿ ಬಂದಿದ್ದರೆ ಆ ಗುಂಪಿನ ಸಂಖ್ಯೆ. ಹೊಸ ಪ್ರಶ್ನೆಯಾಗಿದ್ದು ಪುಸ್ತಕ ಇದ್ದರೆ ಡ್ಯೂಯಿ ಸಂಖ್ಯೆ. ಪುಸ್ತಕವೂ ಇಲ್ಲದಿದ್ದರೆ ಒಂದು ಸೊನ್ನೆ. ಸೊನ್ನೆಗಳನ್ನು ವಿಷಯದಂತೆ ಜೋಡಿಸಿದಾಗ ಕಪಾಟಿನಲ್ಲಿ ಎಲ್ಲಿ ತೆರವಿದೆ ಎಂದು ತಿಳಿಯುತ್ತದೆ. ಮುಂದಿನ ಪುಸ್ತಕಗಳ ಬೇಡಿಕೆಪಟ್ಟಿ ತಯಾರಾಗುವುದು ಈಗ ಆ ಹಾಳೆಯಿಂದ.

ಕಳೆದ ವಾರದ ಹಾಳೆಯ ಕೊನೆಯ ಸಾಲು: ‘ಹಗಲಲ್ಲೂ ಚಂದ್ರ ಕಾಣ್ತಾನೆ ಅವನಿಗೆ ಗೊತ್ತಾಗಲ್ವಾ’. ಬಾಟ್ ಅದಕ್ಕೆ ‘ಗೊತ್ತಿಲ್ಲ’ ಎಂದಿತ್ತು. ಅವರು ಎದ್ದು 523.3ರ ಮುಂದೆ ಹೋಗಿ ಇದ್ದ ಎರಡು ಪುಸ್ತಕಗಳನ್ನೂ ತಿರುವಿ ಹಾಕಿದರು. ಚಂದ್ರ ಹಗಲಲ್ಲಿ ಏಕೆ ಕಾಣುತ್ತಾನೆ ಎಂಬುದು ಒಂದರಲ್ಲಿ ಅರ್ಧ ಪುಟ ಇತ್ತು. ಹಾಳೆಯಲ್ಲಿ ಪುಟದ ಸಂಖ್ಯೆ ಬರೆದರು. ‘ಅವನಿಗೆ ಗೊತ್ತಾಗಲ್ವಾ’ ಎಂಬುದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ, ಇದಕ್ಕೆ ನಾನೇ ಹೇಳಬೇಕು ಎಂದು ಬರೆದುಕೊಂಡರು.